ಫೋಟೋದಲ್ಲಿ ಮುಖ, ಮೈ ಎಷ್ಟು ತಿದ್ದಬಹುದು? ಗ್ರಾಹಕರಿಗೆ ಬರೆದ ಪತ್ರ, ಕಳಿಸುವ ಮುಂಚೆ ಒಮ್ಮೆ ನೋಡಿ ಹೇಳಿ

ಕಿಟಕಿ_ಬೆಳಕು

ಎಲ್ಲರಿಗೂ ನಮಸ್ಕಾರ. ಮನೆಗೇ ಹೋಗಿ ಕುಟುಂಬದ ಫೋಟೋ ತೆಗೆಯುವುದು ನನ್ನ ಕೆಲಸ. ಹೋದ ವಾರ ಒಂದು ಮನೆಯಲ್ಲಿ ನಾಲ್ಕು ಜನರ ಫೋಟೋ ತೆಗೆದೆ. ತಂದೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ದೊಡ್ಡ ಕಿಟಕಿ, ಬರೀ ಹಗಲು ಬೆಳಕು. 38 ಫೋಟೋ ಆರಿಸಿ ಕಳಿಸಿದೆ. ನನ್ನನ್ನು ಕರೆಸಿದ್ದು ದೊಡ್ಡ ಮಗಳು. ಅವರಿಗೆ ಫೋಟೋ ಇಷ್ಟವಾಗಿದೆ, ಆದರೆ ನಾಲ್ಕು ತಿದ್ದುಪಡಿ ಕೇಳಿದ್ದಾರೆ. ತಮ್ಮ ಕಣ್ಣಿನ ಕೆಳಗಿನ ಕಪ್ಪು ಪೂರ್ತಿ ಹೋಗಬೇಕು. ಅಪ್ಪನ ಕನ್ನಡಕದ ಹೊಳಪು ತೆಗೆಯಬೇಕು. ತಂಗಿಯ ತೋಳು ಸಣ್ಣ ಮಾಡಬೇಕು. ಎಲ್ಲರನ್ನೂ "ಸ್ವಲ್ಪ ಬೆಳ್ಳಗೆ" ಮಾಡಬೇಕು.

ಫೋನಲ್ಲಿ ಹೇಳಿದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೆ ಬರೆದೇ ಕಳಿಸೋಣ ಅಂದುಕೊಂಡೆ. ಕರಡು ಇಲ್ಲಿದೆ. ನಾನು ಗೆರೆ ಎಳೆದಿರುವ ಜಾಗ ಸರಿಯಾ, ಅವರಿಗೆ ಬೇಜಾರಾಗುವ ಹಾಗೆ ಏನಾದರೂ ಇದೆಯಾ, ನೋಡಿ ಹೇಳಿ.

> ನಮಸ್ಕಾರ ಮೇಡಂ,
>
> ನೀವು ಕಳಿಸಿದ ನಾಲ್ಕು ಅಂಶ ನೋಡಿದೆ. ಯಾವುದು ಆಗುತ್ತದೆ, ಯಾವುದು ಅರ್ಧ ಆಗುತ್ತದೆ, ಯಾವುದು ನಾನು ಮಾಡುವುದಿಲ್ಲ ಅಂತ ಮೊದಲೇ ತಿಳಿಸುತ್ತೇನೆ. ಆಮೇಲೆ ಫೋಟೋ ಕೈಗೆ ಬಂದಾಗ ಇಬ್ಬರಿಗೂ ಬೇಸರ ಆಗಬಾರದು.
>
> ಕಣ್ಣಿನ ಕೆಳಗಿನ ಕಪ್ಪು: ಖಂಡಿತ ಕಡಿಮೆ ಮಾಡುತ್ತೇನೆ. ಆದರೆ ಪೂರ್ತಿ ಅಳಿಸುವುದಿಲ್ಲ. ಪೂರ್ತಿ ಅಳಿಸಿದರೆ ಕಣ್ಣಿನ ಸುತ್ತ ಚಪ್ಪಟೆಯಾಗಿ, ಅದು ನಿಮ್ಮ ಮುಖ ಅಂತಲೇ ಅನಿಸುವುದಿಲ್ಲ. ಆವತ್ತು ನಿಮ್ಮ ಗಲ್ಲದ ಮೇಲಿದ್ದ ಮೊಡವೆ ನೀವು ಹೇಳದಿದ್ದರೂ ತೆಗೆಯುತ್ತೇನೆ. ಎರಡು ವಾರದಲ್ಲಿ ತಾನೇ ಹೋಗುವಂಥದ್ದು ಫೋಟೋದಲ್ಲಿ ಉಳಿಯಬೇಕಿಲ್ಲ. ಹುಬ್ಬಿನ ಪಕ್ಕದ ಹಳೆಯ ಗಾಯದ ಗುರುತು ಮಾತ್ರ ನೀವು ಹೇಳುವವರೆಗೆ ಮುಟ್ಟುವುದಿಲ್ಲ.
>
> ಅಪ್ಪನ ಕನ್ನಡಕ: ಹೆಚ್ಚಿನ ಫೋಟೋಗಳಲ್ಲಿ ಇರುವುದು ಸಣ್ಣ ಹಸಿರು ಹೊಳಪು. ಅದು ಹೋಗುತ್ತದೆ. ಮೂರು ಫೋಟೋಗಳಲ್ಲಿ ಎಡಗಡೆ ಗಾಜು ಪೂರ್ತಿ ಬಿಳಿಯಾಗಿದೆ, ಹಿಂದಿನ ಕಣ್ಣು ಕಾಣುವುದೇ ಇಲ್ಲ. ಅದನ್ನೂ ಸರಿ ಮಾಡಿ ಕೊಡುತ್ತೇನೆ.
>
> ತಂಗಿಯವರ ತೋಳು: ಇದನ್ನು ಅವರೇ ಕೇಳಿದರೆ ಮಾತಾಡೋಣ. ಅವರ ಮೈಯನ್ನು ಬೇರೆಯವರ ಮಾತಿನ ಮೇಲೆ ನಾನು ಬದಲಾಯಿಸುವುದಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ.
>
> ಬಣ್ಣ: ಫೋಟೋ ಇನ್ನೂ ಬೆಳಕಾಗಿ ಕಾಣುವ ಹಾಗೆ ಮಾಡುತ್ತೇನೆ. ಯಾರ ಚರ್ಮದ ಬಣ್ಣವನ್ನೂ ಬದಲಾಯಿಸುವುದಿಲ್ಲ.
>
> ನೀವು ಒಪ್ಪಿದ ಮೇಲೆ ಒಂದೇ ಒಂದು ಫೋಟೋ ತಿದ್ದಿ ಮೊದಲು ಕಳಿಸುತ್ತೇನೆ. ಅದು ಸರಿ ಅನಿಸಿದರೆ ಮಾತ್ರ ಉಳಿದದ್ದನ್ನು ಶುರು ಮಾಡುತ್ತೇನೆ.

ಪದರದ_ಮೇಲೆ_ಪದರ

ಪತ್ರ ಒಳ್ಳೆಯದಿದೆ. ಹದಿನೈದು ವರ್ಷದಿಂದ ರಿಟಚಿಂಗ್ ಒಂದೇ ಮಾಡುತ್ತಿದ್ದೇನೆ, ಕ್ಯಾಮೆರಾ ಹಿಡಿಯುವವನಲ್ಲ. ಎರಡು ಕಡೆ ತಡೆಯಬೇಕು ಅನಿಸಿತು.

ಮೊದಲನೆಯದು ಕಣ್ಣಿನ ಕೆಳಗಿನ ಕಪ್ಪು. ಪೂರ್ತಿ ಅಳಿಸುವುದಿಲ್ಲ ಅಂದಿದ್ದೀರಿ, ಸರಿ. ಆದರೆ ಕಾರಣ ಇನ್ನೂ ಬಿಡಿಸಿ ಹೇಳಬಹುದು, ಯಾಕೆಂದರೆ ಗ್ರಾಹಕರಿಗೆ ಅದು ಒಂದು ಕಲೆಯ ಹಾಗೆ ಕಾಣುತ್ತದೆ. ಅಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಒಂದು ಬಣ್ಣ, ಅಂದರೆ ಚರ್ಮ ಅಲ್ಲಿ ಸ್ವಲ್ಪ ನೀಲಿ ಅಥವಾ ಕಂದು. ಇನ್ನೊಂದು ಗುಳಿಯ ನೆರಳು. ಬಣ್ಣವನ್ನು ಹೆಚ್ಚುಕಡಿಮೆ ಪೂರ್ತಿ ಸರಿಮಾಡಬಹುದು. ಖಾಲಿ ಲೇಯರ್ ಹಾಕಿ, ಅದನ್ನು ಕಲರ್ ಮೋಡ್‌ಗೆ ಇಟ್ಟು, ಕೆನ್ನೆಯ ಬಣ್ಣ ತೆಗೆದುಕೊಂಡು ಮೆತ್ತಗಿನ ಬ್ರಷ್‌ನಲ್ಲಿ ತೆಳ್ಳಗೆ ಬಳಿದರೆ ಆಯ್ತು. ಚರ್ಮದ ರಂಧ್ರ, ಗೆರೆ ಯಾವುದೂ ಅಲುಗಾಡುವುದಿಲ್ಲ.

ನೆರಳಿನ ಕಥೆ ಬೇರೆ. ಅದು ಮುಖದ ಆಕಾರ. ಅದನ್ನು ಕರ್ವ್ಸ್ ಲೇಯರಿನಿಂದ ಮೇಲೆತ್ತಬೇಕು, ಸುಮಾರು ಅರ್ಧ ಉಳಿದಾಗ ನಿಲ್ಲಿಸಬೇಕು. ಕೆಳರೆಪ್ಪೆಯ ಕೂದಲಿಗೆ ಅಂಟಿಕೊಂಡಿರುವ ತೆಳು ನೆರಳನ್ನು ಮುಟ್ಟಲೇಬಾರದು, ಅದು ಹೋದರೆ ಕಣ್ಣು ಮುಖದ ಮೇಲೆ ಅಂಟಿಸಿದ ಹಾಗಾಗುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಮನಸಾರೆ ನಕ್ಕಾಗ ಕೆಳರೆಪ್ಪೆ ಸ್ವಲ್ಪ ಉಬ್ಬಿ ಮೇಲೇಳುತ್ತದೆ. ಆ ಉಬ್ಬನ್ನು ಊತ ಅಂದುಕೊಂಡು ಒರೆಸಿದರೆ ಬಾಯಿ ನಗುತ್ತಿರುತ್ತದೆ, ಕಣ್ಣು ನಗುವುದಿಲ್ಲ. ಗ್ರಾಹಕರು "ಏನೋ ಸರಿಯಿಲ್ಲ" ಅನ್ನುತ್ತಾರೆ, ಏನು ಅಂತ ಅವರಿಗೂ ಹೇಳಲು ಬರುವುದಿಲ್ಲ.

ಹೆಚ್ಚಾಯಿತಾ ಅಂತ ತಿಳಿಯಲು ನಾನು ಮಾಡುವುದು ಇಷ್ಟೇ. ಫೋಟೋವನ್ನು ಪರದೆಯಲ್ಲಿ ಅಂಗೈಯಷ್ಟು ಚಿಕ್ಕದು ಮಾಡಿ ಲೇಯರನ್ನು ಒಮ್ಮೆ ಆಫ್, ಒಮ್ಮೆ ಆನ್ ಮಾಡಿ ನೋಡುತ್ತೇನೆ. ಮುಖ ಸ್ವಲ್ಪ ನಿದ್ದೆ ಮಾಡಿ ಎದ್ದ ಹಾಗೆ ಕಂಡರೆ ಸರಿ. ಕಣ್ಣಿನ ಕೆಳಗೇ ಏನೋ ಮಿನುಗಿದ ಹಾಗೆ ಕಂಡರೆ ಜಾಸ್ತಿಯಾಗಿದೆ.

ಎರಡನೆಯದು, ಆ ಬಿಳಿ ಗಾಜಿನ ಮೂರು ಫೋಟೋ. "ಸರಿ ಮಾಡಿ ಕೊಡುತ್ತೇನೆ" ಅಂತ ಮಾತು ಕೊಡಬೇಡಿ. ಅಲ್ಲಿ ಏನಿದೆ ಅಂತ ಮೊದಲು ನೋಡಿಕೊಳ್ಳಿ.

ರಾ_ಫೈಲ್_ಪ್ರಿಯ

ಇದಕ್ಕೆ ಯಾಕೆ ಇಷ್ಟು ಯೋಚನೆ? ರಾ ಫೈಲ್ ಇದೆ ಅಲ್ವಾ? ಅದರಲ್ಲಿ ಎಲ್ಲಾ ಮಾಹಿತಿ ಇರುತ್ತದೆ. ಹೈಲೈಟ್ಸ್ ಕೆಳಗಿಳಿಸಿದರೆ ಗಾಜಿನ ಹಿಂದಿನ ಕಣ್ಣು ತಾನೇ ಕಾಣುತ್ತದೆ. ಜೆಪೆಗ್‌ನಲ್ಲಿ ಮಾತ್ರ ಬರುವುದಿಲ್ಲ. ನಾನು ಎಷ್ಟೋ ಸಲ ಬಿಳಿಯಾಗಿ ಹೋದ ಆಕಾಶವನ್ನು ಹೀಗೇ ವಾಪಸ್ ತಂದಿದ್ದೇನೆ.

ಪದರದ_ಮೇಲೆ_ಪದರ

ಆಕಾಶದ ಮಾತು ನಿಜ. ಜೆಪೆಗ್‌ನಲ್ಲಿ ಬಿಳಿ ಕಂಡದ್ದು ರಾ ಫೈಲಿನಲ್ಲಿ ಬಿಳಿಯೇ ಆಗಿರಬೇಕು ಅಂತಿಲ್ಲ. ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ. ಆದರೆ ಸೆನ್ಸರ್ ತುಂಬಿಹೋದ ಜಾಗದಲ್ಲಿ ರಾ ಫೈಲಿನಲ್ಲೂ ಏನೂ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಮೂರೂ ತುದಿ ಮುಟ್ಟಿದ್ದರೆ ಹೈಲೈಟ್ಸ್ ಇಳಿಸಿದಾಗ ಬಿಳಿ ಹೋಗಿ ಬೂದಿ ಬರುತ್ತದೆ. ಕಣ್ಣು ಬರುವುದಿಲ್ಲ.

ಕನ್ನಡಕದಲ್ಲಿ ಇನ್ನೊಂದು ತೊಡಕಿದೆ. ಆಕಾಶದಲ್ಲಿ ಆ ಬೆಳಕೇ ಚಿತ್ರ. ಕನ್ನಡಕದಲ್ಲಿ ಕಣ್ಣಿನಿಂದ ಬಂದ ಬೆಳಕಿನ ಮೇಲೆ ಕಿಟಕಿಯ ಪ್ರತಿಬಿಂಬ ಬಂದು ಕೂತಿರುತ್ತದೆ. ಪ್ರತಿಬಿಂಬ ತೆಳುವಾಗಿದ್ದರೆ ಕೆಳಗಿನ ಕಣ್ಣು ಮಂಜಿನ ಹಿಂದೆ ಇದ್ದ ಹಾಗೆ ಇರುತ್ತದೆ. ಆಗ ಅಷ್ಟೇ ಜಾಗದಲ್ಲಿ ಗಾಢತೆ ಹೆಚ್ಚಿಸಿ ಹೊರತೆಗೆಯಬಹುದು. ದಟ್ಟವಾಗಿದ್ದರೆ ಇಲ್ಲ. ಕಿಟಕಿ_ಬೆಳಕು ಅವರೇ, ಆ ಮೂರು ಫೋಟೋ ರಾ ಫೈಲಿನಲ್ಲಿ ತೆರೆದು, ಎಕ್ಸ್‌ಪೋಶರ್ ಎರಡು ಸ್ಟಾಪ್ ಇಳಿಸಿ ನೋಡಿ ಹೇಳಿ. ಕಪ್ಪು ಗುಡ್ಡೆಯ ಅಂಚಾದರೂ ಕಾಣುತ್ತದಾ?

ಕಿಟಕಿ_ಬೆಳಕು

ಈಗ ತಾನೇ ನೋಡಿದೆ. ಒಂದರಲ್ಲಿ ಗುಡ್ಡೆಯ ಅಂಚು, ಮೇಲ್ರೆಪ್ಪೆಯ ಗೆರೆ ಎರಡೂ ಮಬ್ಬಾಗಿ ಕಾಣುತ್ತವೆ. ಉಳಿದ ಎರಡರಲ್ಲಿ ಬರೀ ಬೂದಿ.

ಪಕ್ಕದ ಫ್ರೇಮಿನಲ್ಲಿ ಅವರು ತಲೆ ಸ್ವಲ್ಪ ತಗ್ಗಿಸಿದ್ದಾರೆ, ಹೊಳಪಿಲ್ಲ. ಅಲ್ಲಿಂದ ಕಣ್ಣು ತಂದು ಕೂರಿಸಬಹುದಾ? ಕನ್ನಡಕ ತೆಗೆದು ಕೂತಿದ್ದ ಒಂದು ಫೋಟೋ ಕೂಡ ಇದೆ.

ಪದರದ_ಮೇಲೆ_ಪದರ

ಕನ್ನಡಕ ಇಲ್ಲದ ಫೋಟೋದಿಂದ ತರಬೇಡಿ. ದೂರದ್ದು ಮಂದವಾಗಿ ಕಾಣುವವರ ಗಾಜು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ. ಕನ್ನಡಕದ ಫ್ರೇಮಿನ ಹೊರ ಅಂಚಿನ ಹತ್ತಿರ ಕೆನ್ನೆಯ ಗೆರೆ ನೋಡಿ, ಗಾಜಿನೊಳಗೆ ಅದು ಒಳಕ್ಕೆ ಒಂದು ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಗಾಜಿಲ್ಲದ ಕಣ್ಣನ್ನು ತಂದು ಗಾಜಿನ ಹಿಂದೆ ಕೂರಿಸಿದರೆ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಆ ಮೆಟ್ಟಿಲೂ ಇರುವುದಿಲ್ಲ. ಅಪ್ಪನನ್ನು ದಿನಾ ನೋಡುವ ಮಕ್ಕಳಿಗೆ ಇದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಪಕ್ಕದ ಫ್ರೇಮ್ ಸರಿ. ಆದರೆ ತಲೆ ತಗ್ಗಿಸಿದಾಗ ಮೇಲ್ರೆಪ್ಪೆ ಜಾಸ್ತಿ ಕಾಣುತ್ತದೆ, ನೋಟವೂ ಕೆಳಗಿರುತ್ತದೆ. ಒಂದೇ ಕಣ್ಣು ತಂದರೆ ಎರಡು ಕಣ್ಣು ಬೇರೆ ಬೇರೆ ಕಡೆ ನೋಡುತ್ತವೆ. ತರುವುದಾದರೆ ಎರಡೂ ಕಣ್ಣು, ಕನ್ನಡಕ, ಮೂಗಿನ ಸೇತುವೆ ಸಮೇತ ತನ್ನಿ, ಹುಬ್ಬಿನ ಮೇಲೆ ಜೋಡಣೆ ಮುಚ್ಚಿ. ಅದೂ ಕೂರದಿದ್ದರೆ ಆ ಎರಡು ಫೋಟೋ ಬಿಟ್ಟುಬಿಡಿ. 38ರಲ್ಲಿ 36 ಚೆನ್ನಾಗಿದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಮುಂದಿನ ಸಲಕ್ಕೆ ಒಂದು ಮಾತು. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಬೆರಳಿನಷ್ಟು ಎತ್ತಿಸಿ. ಗಾಜು ಸ್ವಲ್ಪ ಕೆಳಕ್ಕೆ ವಾಲುತ್ತದೆ, ಕಿಟಕಿ ಅದರಲ್ಲಿ ಬೀಳುವುದಿಲ್ಲ. ಫೋಟೋದಲ್ಲಿ ಅದು ಗೊತ್ತೂ ಆಗುವುದಿಲ್ಲ.

ಹೊಸಬ_2

ನನಗೂ ಇದೇ ಸಮಸ್ಯೆ. ಪಾಸ್‌ಪೋರ್ಟ್ ಫೋಟೋದಲ್ಲಿ ನನ್ನ ಕಣ್ಣಿನ ಕೆಳಗೆ ತುಂಬಾ ಕಪ್ಪು ಬಂದಿದೆ, ಕೆನ್ನೆ ಮೇಲೆ ಮಚ್ಚೆಯೂ ದೊಡ್ಡದಾಗಿ ಕಾಣುತ್ತದೆ. ಮೇಲೆ ಹೇಳಿದ ಕಲರ್ ಲೇಯರ್ ವಿಧಾನದಲ್ಲಿ ನಾನೇ ತಿದ್ದಿ ಕೊಡಬಹುದಾ?

ಕಿಟಕಿ_ಬೆಳಕು

ಬೇಡ, ಅದಕ್ಕೆ ಕೈ ಹಾಕಬೇಡಿ. ಇಲ್ಲಿ ಮಾತಾಡುತ್ತಿರುವುದು ಮನೆಯಲ್ಲಿ ಇಟ್ಟುಕೊಳ್ಳುವ ಫೋಟೋ ಬಗ್ಗೆ. ಗುರುತಿನ ದಾಖಲೆಯ ಫೋಟೋದಲ್ಲಿ ಮುಖವನ್ನು ತಿದ್ದುವ ಹಾಗಿಲ್ಲ. ಅದನ್ನು ನಿಮ್ಮ ಮುಖದ ಜೊತೆ ಹೋಲಿಸಿ ನೋಡುವುದೇ ಅದರ ಕೆಲಸ, ಮಚ್ಚೆ ಅಂತೂ ಇರಲೇಬೇಕು. ಕಣ್ಣಿನ ಕೆಳಗೆ ಅಷ್ಟು ಕಪ್ಪು ಬಂದಿದ್ದರೆ ದೀಪ ನಿಮ್ಮ ನೆತ್ತಿಯ ಮೇಲೆ ಇದ್ದಿರಬೇಕು. ಇನ್ನೊಂದು ಸಲ ತೆಗೆಸಿ. ದೀಪ ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಇರಲಿ ಅಂತ ಹೇಳಿ. ನೆರಳು ಕಡಿಮೆಯಾಗುತ್ತದೆ.

ಸ್ಟುಡಿಯೋ_ಅಣ್ಣ

ನನ್ನ ಅಭಿಪ್ರಾಯ ಬೇರೆ. ಸ್ಟುಡಿಯೋ ಇಟ್ಟು ಬಹಳ ವರ್ಷ ಆಯ್ತು. ಕೆಲಸ ಕೊಟ್ಟವರು ಕೇಳಿದ್ದನ್ನು ಮಾಡಿಕೊಡಬೇಕು. ಅಕ್ಕ ಕೇಳಿದ್ದಾರೆ, ತಂಗಿ ತೋಳು ಸ್ವಲ್ಪ ಸಣ್ಣ ಮಾಡಿದರೆ ತಂಗಿಗೇನು ನಷ್ಟ? ನೋಡಿ ಖುಷಿಯೇ ಪಡುತ್ತಾರೆ. ಬಣ್ಣವೂ ಹಾಗೇ. ನೀವು ಮಾಡಿಕೊಡದಿದ್ದರೆ ಫೋನಿನ ಆಪ್‌ನಲ್ಲಿ ಅವರೇ ಮಾಡಿಕೊಳ್ಳುತ್ತಾರೆ, ನೀವು ತೆಗೆದ ಫೋಟೋ ಹಾಳಾಗಿ ಎಲ್ಲಾ ಕಡೆ ಓಡಾಡುತ್ತದೆ. ಅದಕ್ಕಿಂತ ನೀವೇ ನೀಟಾಗಿ ಮಾಡಿಕೊಡುವುದು ಒಳ್ಳೆಯದಲ್ವಾ?

ಹುಬ್ಬಿನ_ಗೆರೆ

ನಾನು ಫೋಟೋಗ್ರಾಫರ್ ಅಲ್ಲ, ಫೋಟೋ ತೆಗೆಸಿಕೊಂಡವಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೇಲ್ದುಟಿಯ ಮೇಲೆ ಒಂದು ಗೆರೆ ಇದೆ. ಹುಟ್ಟಿದಾಗ ಸೀಳುತುಟಿ ಇತ್ತು, ಆಪರೇಷನ್ ಮಾಡಿದ ಗುರುತು ಅದು. ಎರಡು ವರ್ಷದ ಹಿಂದೆ ಮನೆಯವರೆಲ್ಲ ಫೋಟೋ ತೆಗೆಸಿಕೊಂಡೆವು. ಫೋಟೋ ಬಂದಾಗ ನನ್ನ ತುಟಿ ನುಣ್ಣಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಫೋಟೋ ತೆಗೆದವರನ್ನು ಕೇಳಿದರೆ "ಚೆನ್ನಾಗಿ ಕಾಣಲಿ ಅಂತ ಮಾಡಿದೆ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಗೊತ್ತು. ಆದರೆ ಆ ಫೋಟೋ ನೋಡಿದಾಗ ಅಲ್ಲಿ ನಾಲ್ಕು ಜನ ನಮ್ಮವರು ಇದ್ದಾರೆ, ನನ್ನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದಾರೆ ಅನಿಸಿತು. ಅಮ್ಮ ಕೂಡ ಸುಮ್ನೆ ನೋಡುತ್ತಾ ಕೂತರು.

ಸ್ಟುಡಿಯೋ ಅಣ್ಣಾ, ನಷ್ಟ ಏನು ಅಂತ ಕೇಳಿದಿರಲ್ಲ, ಅದು ಇದು. ತಂಗಿ ಆ ಫೋಟೋ ನೋಡಿದಾಗ ತೋಳು ಸಣ್ಣ ಆಗಿದೆ ಅಂತ ಮಾತ್ರ ಕಾಣುವುದಿಲ್ಲ. ಅಕ್ಕನಿಗೆ ನನ್ನ ತೋಳು ದಪ್ಪ ಅನಿಸಿತ್ತು ಅಂತಲೂ ಕಾಣುತ್ತದೆ.

ಸ್ಟುಡಿಯೋ_ಅಣ್ಣ

ತಾಯಿ, ನಿಮ್ಮ ವಿಷಯದಲ್ಲಿ ಅವರು ಮಾಡಿದ್ದು ತಪ್ಪು. ಗುರುತು ತೆಗೆಯುವ ಮುಂಚೆ ನಾನೂ ಕೇಳುತ್ತೇನೆ. ಆದರೆ ತೋಳು, ಹೊಟ್ಟೆ ಒಂದು ಚೂರು ಒಳಗೆ ತಳ್ಳುವುದು ಬೇರೆ ಅಂತ ನನಗೆ ಇನ್ನೂ ಅನಿಸುತ್ತದೆ. ಅದು ಯಾರಿಗೂ ಗೊತ್ತೇ ಆಗುವುದಿಲ್ಲ.

ಪದರದ_ಮೇಲೆ_ಪದರ

ಗೊತ್ತಾಗುತ್ತದೆ ಅಣ್ಣಾ. ಎಲ್ಲಿ ಗೊತ್ತಾಗುತ್ತದೆ ಅಂತ ಹೇಳುತ್ತೇನೆ.

ಆಕಾರ ತಳ್ಳುವ ಲಿಕ್ವಿಫೈ ಟೂಲ್ ತೋಳನ್ನು ಮಾತ್ರ ತಳ್ಳುವುದಿಲ್ಲ, ಬ್ರಷ್ ಕೆಳಗೆ ಇರುವ ಎಲ್ಲವನ್ನೂ ತಳ್ಳುತ್ತದೆ. ತೋಳಿನ ಹಿಂದೆ ಬಾಗಿಲ ಚೌಕಟ್ಟು ಇದ್ದರೆ ಅದು ತೋಳಿನ ಕಡೆಗೆ ಬಾಗುತ್ತದೆ. ಅದನ್ನು ಫ್ರೀಜ್ ಮಾಡಿ ಉಳಿಸಿಕೊಂಡರೆ ತೋಳು ಇದ್ದ ಜಾಗದಲ್ಲಿ ಅಂಚು ಎಳೆದು ಕದಡಿದ ಹಾಗಾಗುತ್ತದೆ, ಅಲ್ಲಿನ ಹಿನ್ನೆಲೆಯನ್ನು ಕೈಯಿಂದ ಸರಿಮಾಡಬೇಕು. ತೋಳಿನ ಬಟ್ಟೆಯಲ್ಲಿ ಚೌಕಳಿ ಇದ್ದರೆ ಚೌಕಗಳು ಒಂದು ಕಡೆ ಒತ್ತಿಕೊಳ್ಳುತ್ತವೆ. ಕೈಗಡಿಯಾರದ ಗುಂಡು ಮುಖ ಮೊಟ್ಟೆಯ ಹಾಗಾಗುತ್ತದೆ. ಫೋಟೋ ತಲೆಕೆಳಗು ಮಾಡಿ ನೋಡಿ, ಇವೆಲ್ಲ ಎದ್ದು ಕಾಣುತ್ತವೆ.

ಒಂದು ಫೋಟೋದಲ್ಲಿ ಇದನ್ನೆಲ್ಲ ಸರಿಮಾಡಬಹುದು. 38 ಫೋಟೋ ಅಂದರೆ? ತಂಗಿ ಎಷ್ಟರಲ್ಲಿ ಇದ್ದಾರೆ?

ಕಿಟಕಿ_ಬೆಳಕು

22ರಲ್ಲಿ ಇದ್ದಾರೆ. ತೋಳು ಪೂರ್ತಿ ಕಾಣುವುದು 11ರಲ್ಲಿ. ಆ ಪೈಕಿ ಅಕ್ಕ ದೂರಿರುವುದು ನಾಲ್ಕರ ಬಗ್ಗೆ ಮಾತ್ರ.

ಪದರದ_ಮೇಲೆ_ಪದರ

ಆ ನಾಲ್ಕರಲ್ಲಿ ತಂಗಿ ತೋಳನ್ನು ಮೈಗೆ ಒತ್ತಿ ಇಟ್ಟಿದ್ದಾರಾ?

ಕಿಟಕಿ_ಬೆಳಕು

ಹೌದು! ನಾಲ್ಕರಲ್ಲೂ. ತಮ್ಮನ ಪಕ್ಕ ಇಕ್ಕಟ್ಟಿನಲ್ಲಿ ಕೂರಿಸಿದ್ದೆ. ಉಳಿದ ಏಳರಲ್ಲಿ ಕೈ ಸ್ವಲ್ಪ ಬಿಟ್ಟಿದ್ದಾರೆ, ಅಲ್ಲಿ ತೋಳು ಸಹಜವಾಗೇ ಇದೆ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಪದರದ_ಮೇಲೆ_ಪದರ

ಅಲ್ಲಿಗೆ ವಿಷಯ ಬದಲಾಯ್ತು. ಪಕ್ಕೆಗೆ ಒತ್ತಿದಾಗ ಯಾರ ತೋಳಾದರೂ ಚಪ್ಪಟೆಯಾಗಿ ಹರಡುತ್ತದೆ. ಕ್ಯಾಮೆರಾಗೆ ಆ ಅಗಲವೇ ಕಾಣುತ್ತದೆ. ಅಂದರೆ ಆ ನಾಲ್ಕು ಫೋಟೋದಲ್ಲಿ ಇರುವುದು ತಂಗಿಯ ತೋಳಿನ ಗಾತ್ರ ಅಲ್ಲ, ನೀವು ಕೂರಿಸಿದ ರೀತಿ. ಇದನ್ನು ಸರಿಮಾಡುವುದು ನಿಮ್ಮ ಕೆಲಸದೊಳಗೇ ಬರುತ್ತದೆ ಅಂತ ನನ್ನ ಲೆಕ್ಕ. ಆದರೂ ತಂಗಿಯನ್ನು ಕೇಳಿಯೇ ಮಾಡಿ.

ಅಳತೆ ಹೀಗೆ ತೆಗೆದುಕೊಳ್ಳಿ. ಕೈ ಬಿಟ್ಟಿರುವ ಫೋಟೋದಲ್ಲಿ ಮೊಣಕೈಗೂ ಭುಜಕ್ಕೂ ನಡುವೆ ತೋಳಿನ ಅಗಲವನ್ನು ಅವರ ಮುಖದ ಅಗಲದ ಜೊತೆ ಹೋಲಿಸಿ. ಒತ್ತಿದ ಫೋಟೋದಲ್ಲಿ ಅದೇ ಅನುಪಾತ ಬರುವವರೆಗೆ ಮಾತ್ರ ತನ್ನಿ, ಅದಕ್ಕಿಂತ ಒಂದು ಕೂದಲೂ ಒಳಗೆ ಬೇಡ. ಬ್ರಷ್ ತೋಳಿಗಿಂತ ದೊಡ್ಡದಿರಲಿ. ಚಿಕ್ಕ ಬ್ರಷ್ ಆದರೆ ಅಂಚು ಅಲೆಅಲೆಯಾಗುತ್ತದೆ. ಹಿನ್ನೆಲೆ ಕಾಡಿದರೆ ತಳ್ಳುವುದನ್ನೇ ಬಿಟ್ಟು, ತೋಳಿನ ಹೊರ ಅಂಚನ್ನು ಸ್ವಲ್ಪ ಗಾಢ ಮಾಡಿ. ಬೆಳಕಿರುವ ಭಾಗ ಕಿರಿದಾದರೆ ಕಣ್ಣಿಗೆ ತೋಳೂ ಕಿರಿದಾಗಿ ಕಾಣುತ್ತದೆ, ಯಾವ ಗೆರೆಯೂ ಅಲುಗುವುದಿಲ್ಲ.

ಸೆಲ್ಫಿ_ಸಂಕಟ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೂರಿಸಿದ ರೀತಿ ಅಂದಿದ್ದಕ್ಕೆ ನೆನಪಾಯ್ತು. ನನ್ನ ಮೂಗು ಸೆಲ್ಫಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಕನ್ನಡಿಯಲ್ಲಿ ಅಷ್ಟಿಲ್ಲ. ಅದನ್ನೂ ಹೀಗೆ ತಿದ್ದಬಹುದಾ?

ಪದರದ_ಮೇಲೆ_ಪದರ

ಮೂಗನ್ನು ಮಾತ್ರ ಚಿಕ್ಕದು ಮಾಡಿದರೆ ಸರಿಹೋಗುವುದಿಲ್ಲ, ಯಾಕೆಂದರೆ ತಪ್ಪು ಮೂಗಿನದ್ದಲ್ಲ, ದೂರದ್ದು. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದೆ ಇದೆ ಅಂದುಕೊಳ್ಳಿ. ಫೋನ್ ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿಗೆ 52. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇ. 30ರಷ್ಟು ದೊಡ್ಡದಾಗಿ ಬೀಳುತ್ತದೆ. ಒಂದೂವರೆ ಮೀಟರ್ ದೂರ ಹೋದರೆ 150ಕ್ಕೆ 162, ಶೇ. 8 ಮಾತ್ರ. ಹತ್ತಿರದ ಫೋಟೋದಲ್ಲಿ ಕಿವಿ ಕೆನ್ನೆಯ ಹಿಂದೆ ಅವಿತುಕೊಂಡಿರುತ್ತದೆ, ಹಣೆ ಮುಂದೆ ಬಂದಿರುತ್ತದೆ. ಅದನ್ನೆಲ್ಲ ಎಲ್ಲಿಂದ ತರುವುದು? ಫೋನನ್ನು ಎಲ್ಲಾದರೂ ಒರಗಿಸಿಟ್ಟು, ಟೈಮರ್ ಹಾಕಿ, ಒಂದೂವರೆ ಮೀಟರ್ ಹಿಂದೆ ನಿಂತು ತೆಗೆಯಿರಿ. ಆಮೇಲೆ ಬೇಕಾದಷ್ಟು ಕ್ರಾಪ್ ಮಾಡಿಕೊಳ್ಳಿ.

ಸೆಲ್ಫಿ_ಸಂಕಟ

ಈಗಲೇ ತೆಗೆದು ನೋಡಿದೆ. ಕಿವಿ ಕಾಣುತ್ತಿದೆ! ಇಷ್ಟು ದಿನ ನನ್ನ ಮೂಗನ್ನೇ ಬೈದುಕೊಳ್ಳುತ್ತಿದ್ದೆ.

ಕಿಟಕಿ_ಬೆಳಕು

ಬಣ್ಣದ ವಿಷಯಕ್ಕೆ ಬರೋಣ. ಪತ್ರದಲ್ಲಿ ಅದೇ ನನಗೆ ಬಹಳ ಕಷ್ಟವಾದ ಭಾಗ. ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟೆ, ಓದಿದರೆ ಬಾಗಿಲು ಹಾಕಿದ ಹಾಗಿದೆ. ಅವರು ಕೆಟ್ಟ ಮನಸ್ಸಿನಿಂದ ಕೇಳಿಲ್ಲ. "ನಾವೆಲ್ಲ ಸ್ವಲ್ಪ ಡಲ್ ಕಾಣುತ್ತಿದ್ದೇವೆ, ಬೆಳ್ಳಗೆ ಮಾಡಿ" ಅಂತ ಬರೆದಿದ್ದರು.

ಪದರದ_ಮೇಲೆ_ಪದರ

"ಡಲ್" ಅನ್ನುವುದೇ ಮುಖ್ಯವಾದ ಮಾತು. ಕೋಣೆಯ ಗೋಡೆ ಯಾವ ಬಣ್ಣ?

ಕಿಟಕಿ_ಬೆಳಕು

ತಿಳಿ ಹಸಿರು.

ಪದರದ_ಮೇಲೆ_ಪದರ

ಹಾಗಾದರೆ ಕಿಟಕಿಯ ಕಡೆ ಇರುವ ಕೆನ್ನೆ ಸರಿಯಾಗಿದ್ದು, ಒಳಗಡೆ ಕೆನ್ನೆಗೆ ಗೋಡೆಯ ಹಸಿರು ಬಿದ್ದಿರುತ್ತದೆ. ಕಂದು ಚರ್ಮದ ಮೇಲೆ ಹಸಿರು ಬಿದ್ದರೆ ರಕ್ತವೇ ಇಲ್ಲದ ಹಾಗೆ, ಮಣ್ಣು ಬಣ್ಣಕ್ಕೆ ಕಾಣುತ್ತದೆ. ಜನ ಅದನ್ನು ನೋಡಿ "ಕಪ್ಪಗೆ ಬಂದಿದ್ದೀನಿ" ಅನ್ನುತ್ತಾರೆ. ಅವರು ಕಪ್ಪಗೆ ಬಂದಿಲ್ಲ, ಹಸಿರಾಗಿ ಬಂದಿದ್ದಾರೆ.

ಮೊದಲು ಬಿಳಿ ಅಂಗಿ ಹಾಕಿದವರು ಯಾರಾದರೂ ಇದ್ದರೆ ಕಿಟಕಿ ಬೆಳಕು ಬಿದ್ದ ಕಡೆ ಅದರ ಮೇಲೆ ವೈಟ್ ಬ್ಯಾಲೆನ್ಸ್ ತೆಗೆದುಕೊಳ್ಳಿ. ನೆರಳಿನ ಕಡೆಗೆ ಮಾತ್ರ ಒಂದು ಮಾಸ್ಕ್ ಹಾಕಿ ಮಜೆಂಟಾ ಕಡೆ ಸ್ವಲ್ಪ ತಳ್ಳಿ. ಆಮೇಲೆ ಇಡೀ ಫೋಟೋದ ಎಕ್ಸ್‌ಪೋಶರ್ ಕಾಲು ಅಥವಾ ಅರ್ಧ ಸ್ಟಾಪ್ ಏರಿಸಿ. ಇಡೀ ಫೋಟೋ ಅಂದರೆ ಗೋಡೆ, ಬಟ್ಟೆ, ಕೈ, ಮುಖ ಎಲ್ಲಾ. ಮುಖ ಒಂದನ್ನೇ ಏರಿಸಬೇಡಿ.

ಸ್ಟುಡಿಯೋ_ಅಣ್ಣ

ಮುಖ ಒಂದನ್ನೇ ಏರಿಸುವುದು ನಾವು ಮೊದಲಿಂದ ಮಾಡಿಕೊಂಡು ಬಂದಿದ್ದು. ಅದರಲ್ಲೇನು ತೊಂದರೆ? ಮುಖಕ್ಕೆ ರಿಫ್ಲೆಕ್ಟರ್ ಹಿಡಿಯುತ್ತೇವಲ್ಲ, ಅದೂ ಅದೇ ತಾನೇ?

ಪದರದ_ಮೇಲೆ_ಪದರ

ಸ್ವಲ್ಪ ಏರಿಸಿದರೆ ರಿಫ್ಲೆಕ್ಟರ್ ಹಿಡಿದಷ್ಟೇ, ಒಪ್ಪುತ್ತೇನೆ. ಅದು ಬೆಳಕು. ನೀವು ಹೇಳುವ "ಬೆಳ್ಳಗೆ" ಅಲ್ಲಿಗೆ ನಿಲ್ಲುವುದಿಲ್ಲ ಅಲ್ವಾ? ಒಂದು ಸ್ಟಾಪ್ ದಾಟಿದ ಮೇಲೆ ಏನಾಗುತ್ತದೆ ಅಂದರೆ, ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು. ಕುತ್ತಿಗೆ, ಕೈ ಸರಿಮಾಡಿದರೂ ಕಿವಿಯ ಹಿಂದೆ, ಬೈತಲೆಯ ಗೆರೆಯಲ್ಲಿ, ಬೆರಳ ಸಂದಿಯಲ್ಲಿ ಹಳೆಯ ಬಣ್ಣ ಉಳಿದೇ ಉಳಿಯುತ್ತದೆ. ಹಲ್ಲು, ಕಣ್ಣಿನ ಬಿಳಿ ಮಂಕಾಗುತ್ತವೆ, ಯಾಕೆಂದರೆ ಸುತ್ತ ಇದ್ದ ಗಾಢ ಬಣ್ಣದಿಂದಲೇ ಅವು ಹೊಳೆಯುತ್ತಿದ್ದವು. ಕೆನ್ನೆಯ ಮೇಲೆ ಕಿಟಕಿ ಬೆಳಕು ಬರೆದಿದ್ದ ತಿರುವು ಹೋಗಿ ಮುಖ ತಟ್ಟೆಯಾಗುತ್ತದೆ. ಮುಖದ ಮೇಲೆ ಹೆಬ್ಬೆರಳಿಟ್ಟು ಕೈಗಳನ್ನು ಮಾತ್ರ ನೋಡಿ, ಆಮೇಲೆ ಹೆಬ್ಬೆರಳು ತೆಗೆಯಿರಿ. ಒಬ್ಬರದೇ ಮೈ ಅನಿಸದಿದ್ದರೆ ತಿದ್ದಿದ್ದು ಬೆಳಕನ್ನಲ್ಲ, ಬಣ್ಣವನ್ನು.

ಸ್ಟುಡಿಯೋ_ಅಣ್ಣ

ಕೈ, ಕುತ್ತಿಗೆ ಎಲ್ಲಾ ಒಂದೇ ಸಮ ಮಾಡಿ ಕೊಡುವವರೂ ಇದ್ದಾರೆ. ಕೆಲಸ ಚೊಕ್ಕವಾಗಿದ್ದರೆ ಆಗ ನಿಮ್ಮ ಆಕ್ಷೇಪ ಏನು?

ಹುಬ್ಬಿನ_ಗೆರೆ

ಆಗ ನನ್ನ ಆಕ್ಷೇಪ ಇನ್ನೂ ಜಾಸ್ತಿ, ಅಣ್ಣಾ. ಕೆಟ್ಟದಾಗಿ ಮಾಡಿದ್ದರೆ ತಿದ್ದಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಚೊಕ್ಕವಾಗಿ ಮಾಡಿದರೆ ಮೂವತ್ತು ವರ್ಷ ಆದ ಮೇಲೆ ಮೊಮ್ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಅಜ್ಜನ ಬಣ್ಣ ಅವರಿಗೆ ಗೊತ್ತೇ ಇರುವುದಿಲ್ಲ.

ಸ್ಟುಡಿಯೋ_ಅಣ್ಣ

ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೂ ನನ್ನ ಹತ್ತಿರ ಬಂದು ತನ್ನ ಸ್ವಂತ ಫೋಟೋವನ್ನು ಬೆಳ್ಳಗೆ ಮಾಡಿ ಅಂತ ಒಬ್ಬರು ಕೇಳಿದರೆ, ಮಾಡುವುದಿಲ್ಲ ಅನ್ನುವ ಹಕ್ಕು ನನಗಿದೆಯಾ ಅಂತ ಗೊತ್ತಾಗುತ್ತಿಲ್ಲ. ತಂಗಿ ತೋಳಿನ ವಿಷಯದಲ್ಲಿ ಅವರ ಮೈ, ಅವರ ಇಷ್ಟ ಅಂದಿರಿ. ಹಾಗಾದರೆ ಇಲ್ಲೂ ಅವರ ಮೈ, ಅವರ ಇಷ್ಟವೇ ಅಲ್ವಾ?

ಕಿಟಕಿ_ಬೆಳಕು

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಅಣ್ಣಾ. ನಾನು ಮಾಡುವುದಿಲ್ಲ, ಮಾಡುವವರು ಬೇರೆಯವರಿದ್ದಾರೆ ಅಂತ ಹೇಳಿ ತಿದ್ದದ ಫೈಲ್ ಕೊಟ್ಟು ಕಳಿಸುತ್ತೇನೆ, ಅಷ್ಟೇ. ಅದು ಸರಿಯಾದ ಉತ್ತರವೋ, ಜಾರಿಕೊಳ್ಳುವುದೋ, ನನಗೂ ಗೊತ್ತಿಲ್ಲ.

ಪತ್ರದಲ್ಲಿ ಮೂರು ಭಾಗ ಬದಲಾಯಿಸಿದ್ದೇನೆ. ನೋಡಿ.

> ಅಪ್ಪನ ಕನ್ನಡಕ: ಸಣ್ಣ ಹಸಿರು ಹೊಳಪು ಎಲ್ಲಾ ಫೋಟೋಗಳಲ್ಲೂ ಹೋಗುತ್ತದೆ. ಬಿಳಿಯಾಗಿರುವ ಮೂರರಲ್ಲಿ ಒಂದರಲ್ಲಿ ಕಣ್ಣು ಮಬ್ಬಾಗಿ ಉಳಿದಿದೆ, ಅದನ್ನು ಹೊರತರುತ್ತೇನೆ. ಇನ್ನೆರಡರಲ್ಲಿ ಕಣ್ಣು ಕ್ಯಾಮೆರಾದಲ್ಲಿ ದಾಖಲಾಗಿಯೇ ಇಲ್ಲ. ಪಕ್ಕದ ಫೋಟೋದಿಂದ ತಂದು ಕೂರಿಸಿ ನೋಡುತ್ತೇನೆ. ಅಪ್ಪನ ನೋಟ ಅಪ್ಪನ ಹಾಗೆ ಬಾರದಿದ್ದರೆ ಆ ಎರಡನ್ನು ಬಿಡೋಣ. ಅದು ಗಮನಿಸದೆ ತೆಗೆದದ್ದು ನನ್ನ ತಪ್ಪು.
>
> ತಂಗಿಯವರ ತೋಳು: ನೀವು ಹೇಳಿದ ನಾಲ್ಕು ಫೋಟೋ ಮತ್ತೆ ನೋಡಿದೆ. ಅವರನ್ನು ಇಕ್ಕಟ್ಟಿನಲ್ಲಿ ಕೂರಿಸಿದ್ದರಿಂದ ತೋಳು ಪಕ್ಕೆಗೆ ಒತ್ತಿ ಅಗಲವಾಗಿ ಕಂಡಿದೆ. ಉಳಿದ ಏಳು ಫೋಟೋಗಳಲ್ಲಿ ಹಾಗಿಲ್ಲ. ಅವರು ಒಪ್ಪಿದರೆ ಆ ಏಳರಲ್ಲಿ ಇರುವಷ್ಟಕ್ಕೇ ಈ ನಾಲ್ಕನ್ನೂ ತರುತ್ತೇನೆ. ಅದಕ್ಕಿಂತ ಸಣ್ಣ ಮಾಡುವುದಿಲ್ಲ. ಅವರನ್ನು ನೀವೇ ಕೇಳುತ್ತೀರಾ, ನಾನು ಕೇಳಲಾ?
>
> ಬಣ್ಣ: ನಿಮಗೆ ಡಲ್ ಅನಿಸಿದ್ದು ನಿಜ. ಗೋಡೆಯ ಹಸಿರು ನಿಮ್ಮೆಲ್ಲರ ಮುಖದ ಮೇಲೆ ಬಿದ್ದಿದೆ, ನಾನು ಅದನ್ನು ಪೂರ್ತಿ ತೆಗೆದಿರಲಿಲ್ಲ. ಈಗ ತೆಗೆದು, ಇಡೀ ಫೋಟೋದ ಬೆಳಕು ಹೆಚ್ಚಿಸುತ್ತೇನೆ. ಆಗ ನೀವು ಕಿಟಕಿಯ ಹತ್ತಿರ ನಿಂತಾಗ ಹೇಗಿರುತ್ತೀರೋ ಹಾಗೆ ಕಾಣುತ್ತೀರಿ. ಅದಕ್ಕಿಂತ ಮುಂದೆ, ಚರ್ಮದ ಬಣ್ಣವನ್ನೇ ಬದಲಾಯಿಸುವ ಕೆಲಸ ನಾನು ಮಾಡುವುದಿಲ್ಲ. ಮೊದಲು ಈ ಒಂದು ಫೋಟೋ ನೋಡಿ, ಆಮೇಲೆ ಮಾತಾಡೋಣ.

ಹುಬ್ಬಿನ_ಗೆರೆ

ಈಗ ಸರಿಯಾಗಿದೆ. "ನನ್ನ ತಪ್ಪು" ಅಂದಿದ್ದು ಒಳ್ಳೆಯದಾಯ್ತು. ಒಂದು ಸಣ್ಣ ಮಾತು. ತಂಗಿಯನ್ನು ನೀವೇ ಕೇಳಿ. ಅಕ್ಕ ಕೇಳಿದರೆ ಬೇಡ ಅನ್ನಲು ಆಗುವುದಿಲ್ಲ.

ಕಿಟಕಿ_ಬೆಳಕು

ಎರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪತ್ರ ಕಳಿಸಿದೆ, ಮಾದರಿ ಫೋಟೋ ಒಂದನ್ನೂ ಕಳಿಸಿದೆ. ಹಸಿರು ಹೋದ ಮೇಲೆ ಬಣ್ಣದ ಬಗ್ಗೆ ಅವರು ಏನೂ ಹೇಳಲಿಲ್ಲ, "ಈಗ ಫ್ರೆಶ್ ಆಗಿದೆ" ಅಂತ ಮಾತ್ರ ಬರೆದರು. ಒಪ್ಪಿಕೊಂಡರೋ, ಸುಮ್ಮನಾದರೋ ಗೊತ್ತಾಗಲಿಲ್ಲ. ಅಪ್ಪನ ಎರಡು ಫೋಟೋದಲ್ಲಿ ಒಂದು ಕೂತಿತು, ಇನ್ನೊಂದು ಕೂರಲಿಲ್ಲ, ಬಿಟ್ಟೆ.

ತಂಗಿಗೆ ನಾನೇ ಫೋನ್ ಮಾಡಿದೆ. ನಾಲ್ಕೂ ಫೋಟೋ ತೆರೆದಿಟ್ಟುಕೊಂಡೇ ಮಾತಾಡಿದರು. ಮೂರನ್ನು ಹಾಗೇ ಇರಲಿ ಅಂದರು. ನಾಲ್ಕನೆಯದರಲ್ಲಿ ತೋಳು ಬೇಡ, ತಮ್ಮ ಒರಗಿದ್ದರಿಂದ ಭುಜದ ಮೇಲೆ ಬಟ್ಟೆ ಮಡಿಚಿಕೊಂಡಿದೆ, ಅದನ್ನು ಬಿಡಿಸಿಕೊಡಿ ಅಂದರು. ಆ ಮಡಿಕೆ ನನಗಾಗಲೀ, ಅವರ ಅಕ್ಕನಿಗಾಗಲೀ ಕಂಡೇ ಇರಲಿಲ್ಲ. ಈಗ ಅದರ ಮೇಲೆ ಕೂತಿದ್ದೇನೆ. ಬಟ್ಟೆ ಚೌಕಳಿ, ಗೆರೆ ಜೋಡಿಸುವುದು ಕಷ್ಟವಾಗುತ್ತಿದೆ.

ಪದರದ_ಮೇಲೆ_ಪದರ

ಇನ್ನೊಂದು ಭುಜದಿಂದ ಬಟ್ಟೆ ತೆಗೆದು ತಿರುಗಿಸಿ ಹಾಕಿ. ಬೆಳಕಿನ ದಿಕ್ಕು ಉಲ್ಟಾ ಆಗುತ್ತದೆ, ಅದನ್ನು ಆಮೇಲೆ ಕರ್ವ್ಸ್‌ನಲ್ಲಿ ಸರಿಮಾಡಿಕೊಳ್ಳಿ. ಮೊದಲು ಹೊಲಿಗೆಯ ಗೆರೆ ಕೂರಿಸಿ, ಚೌಕಗಳನ್ನು ಅಲ್ಲಿಂದ ಎಣಿಸಿಕೊಂಡು ಹೋಗಿ.